ಕಂದು ಡೈ ಹಾಕಿದ ಕೂದಲು ಕೆಂಚಾದಾಗ: ಹಸಿರು ಎಲ್ಲಿ ಬೇಕು, ಎಲ್ಲಿ ಬೇಡ

ಮೈಸೂರಿನ ನಮ್ಮ ಪಾರ್ಲರ್‌ಗೆ ಮಂಡ್ಯ ಕಡೆಯಿಂದ ಬಂದ ಒಬ್ಬ ಗ್ರಾಹಕಿಯ ಪ್ರಕರಣ ಇದು. ಅವರ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. ಹೆಸರು, ಊರು, ಕೆಲಸ ಯಾವುದನ್ನೂ ಹೇಳಲ್ಲ. ಕೂದಲಿನ ವಿವರ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ, ಯಾಕಂದ್ರೆ ಇಲ್ಲಿ ಕಲಿಯಬೇಕಾದ್ದು ಅದನ್ನೇ. "ಕೆಂಪಿಗೆ ಹಸಿರು ಹಾಕಿ" ಅನ್ನೋ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಮಾತು ಸರಿಯೇ. ಆದರೆ ಒಂದೇ ತಲೆಯಲ್ಲಿ ಹಸಿರು ಬೇಕಾದ ಜಾಗ, ಸ್ವಲ್ಪವೇ ಬೇಕಾದ ಜಾಗ, ಮುಟ್ಟಿಸಲೇಬಾರದ ಜಾಗ ಮೂರೂ ಇರಬಹುದು. ಈ ಪ್ರಕರಣದಲ್ಲಿ ಮೂರೂ ಇದ್ದವು.

ಬಂದಾಗ ಕೂದಲು ಹೇಗಿತ್ತು

ವಯಸ್ಸು ನಲವತ್ತರ ಆಸುಪಾಸು. ಹುಟ್ಟು ಬಣ್ಣ ಹೆಚ್ಚುಕಮ್ಮಿ ಕಪ್ಪು. ನೂರು ಕೂದಲಲ್ಲಿ ಸುಮಾರು ಇಪ್ಪತ್ತೈದು ಬಿಳಿ, ಅದೂ ಬೈತಲೆ ಮತ್ತು ಕಣತಲೆ ಹತ್ತಿರವೇ ಜಾಸ್ತಿ. ಕೆಲವು ವರ್ಷಗಳಿಂದ ಅಂಗಡಿಯ ಲೈಟ್ ಬ್ರೌನ್ ಡೈ ತಂದು ಮನೆಯಲ್ಲೇ ಹಾಕಿಕೊಳ್ಳುತ್ತಿದ್ದರು. ಪ್ರತಿ ಸಲವೂ ಬುಡದಿಂದ ತುದಿವರೆಗೆ ಪೂರ್ತಿ ಹಚ್ಚುತ್ತಿದ್ದರು.

"ಮನೆ ಒಳಗೆ ಚೆನ್ನಾಗೇ ಕಾಣ್ತದೆ ಮೇಡಂ, ಬಿಸಿಲಿಗೆ ಹೋದ್ರೆ ಸಾಕು, ಕೆಂಚು ಹೊಡೀತದೆ. ಫೋಟೋದಲ್ಲಂತೂ ಕೇಳಲೇಬೇಡಿ" ಅಂದರು.

ಕೆಂಪು ಎಲ್ಲಿಂದ ಬಂತು ಅನ್ನೋದು ಮೊದಲ ಪ್ರಶ್ನೆ. ಡೈ ಡಬ್ಬಿಯಲ್ಲಿ ಕೆಂಪು ಇರಲಿಲ್ಲ, ಅದು ಅವರ ಕೂದಲಿನ ಒಳಗೇ ಇತ್ತು. ನಮ್ಮ ಕಡೆಯ ಕಪ್ಪು ಕೂದಲಿನಲ್ಲಿರುವ ಬಣ್ಣವನ್ನು ಸ್ವಲ್ಪ ತಿಳಿ ಮಾಡಿದರೆ ನೇರವಾಗಿ ಕಂದು ಬರಲ್ಲ. ಮೊದಲು ಕಡುಗೆಂಪು, ಆಮೇಲೆ ಕೆಂಪು, ಆಮೇಲೆ ಕಿತ್ತಳೆ, ಅದಾದ ಮೇಲೆ ಹಳದಿ ಬರುತ್ತದೆ. ಕೂದಲಿನ ಕಡುಪನ್ನು ನಾವು 1ರಿಂದ 10ರವರೆಗೆ ಎಣಿಸುತ್ತೇವೆ. 1 ಅಂದರೆ ಅಚ್ಚ ಕಪ್ಪು, 10 ಅಂದರೆ ತೀರಾ ತಿಳಿ ಹೊಂಬಣ್ಣ. 4ರ ಹತ್ತಿರ ಒಳಗಿಂದ ಕಾಣೋದು ಕೆಂಪು, 5ರಲ್ಲಿ ಕೆಂಪು-ಕಿತ್ತಳೆ, 6ರಲ್ಲಿ ಕಿತ್ತಳೆ. ಪರ್ಮನೆಂಟ್ ಡೈಯಲ್ಲಿ ಅಮೋನಿಯಾದಂಥ ಕ್ಷಾರ ಮತ್ತು ಪೆರಾಕ್ಸೈಡ್ ಎರಡೂ ಇರುತ್ತವೆ. ಅದು ಕಂದು ಬಣ್ಣವನ್ನು ಒಳಗೆ ಕೂರಿಸುವ ಜೊತೆಗೆ ಹುಟ್ಟು ಬಣ್ಣವನ್ನು ಒಂದೆರಡು ಮೆಟ್ಟಿಲು ತಿಳಿ ಮಾಡುತ್ತದೆ. ಮೊದಲ ವಾರಗಳಲ್ಲಿ ಹಾಕಿದ ಕಂದು ಆ ಕೆಂಪನ್ನು ಮುಚ್ಚಿರುತ್ತದೆ. ತೊಳೆದು ತೊಳೆದು, ಬಿಸಿಲು ಬಿದ್ದು ಕಂದು ತೆಳುವಾದ ಮೇಲೆ ಒಳಗಿನ ಕೆಂಪು ಎದ್ದು ಕಾಣುತ್ತದೆ. ಹಾಕಿದ ಬಣ್ಣ ಹೋದ ಹಾಗೆ ಇದು ಹೋಗಲ್ಲ, ಯಾಕಂದ್ರೆ ಇದು ಹಾಕಿದ್ದಲ್ಲ, ಬಯಲಾಗಿದ್ದು.

ನಮ್ಮ ಹತ್ತಿರ ಬರುವ ಮೊದಲು ಮಾಡಿದ್ದು

ಮೊದಲು ಮನೆಯಲ್ಲಿ ಮಗಳು ತರಿಸಿದ ನೇರಳೆ ಶಾಂಪೂ ಹಾಕಿ ನೋಡಿದ್ದರು. ಏನೂ ಆಗಲಿಲ್ಲ, ಆಗುವುದೂ ಇಲ್ಲ. ನೇರಳೆ ಹೊಡೆಯೋದು ಹಳದಿಯನ್ನು. ಬ್ಲೀಚ್ ಮಾಡಿದ ತಿಳಿ ಕೂದಲಿಗೆ ಅದು ಸರಿ. ಬಣ್ಣದ ಚಕ್ರದಲ್ಲಿ ಕೆಂಪಿನ ಎದುರಿಗೆ ಇರೋದು ಹಸಿರು, ಕಿತ್ತಳೆಯ ಎದುರಿಗೆ ನೀಲಿ, ಹಳದಿಯ ಎದುರಿಗೆ ನೇರಳೆ. ಕಂದು ಕೂದಲಿನ ಕೆಂಪಿಗೆ ನೇರಳೆ ಹಚ್ಚೋದು ಸುಮ್ನೆ ದುಡ್ಡು ದಂಡ.

ಆಮೇಲೆ ಬೇರೊಂದು ಪಾರ್ಲರ್‌ನಲ್ಲಿ 6.1 ಹಾಕಿಸಿಕೊಂಡಿದ್ದರು, ಅಂದರೆ 6ನೇ ಕಡುಪಿನ ಆಶ್ ಶೇಡ್. ಜೊತೆಗೆ ಕಲಸಿದ್ದು 20 ವಾಲ್ಯೂಮ್ ಡೆವಲಪರ್, ಅಂದರೆ 6% ಪೆರಾಕ್ಸೈಡ್. ಆಶ್ ತಣ್ಣನೆಯ ಬಣ್ಣ, ಕೆಂಪು ಹೋಗುತ್ತೆ ಅನ್ನೋ ಲೆಕ್ಕ. ಆದರೆ ಮಧ್ಯದ ಕೂದಲು ಕೂದಲೆಳೆಯಷ್ಟೂ ಬದಲಾಗಲಿಲ್ಲ, ಬುಡ ಮಾತ್ರ ಮೊದಲಿಗಿಂತ ಕೆಂಚಾಯಿತು.

ಎರಡಕ್ಕೂ ಕಾರಣ ಇದೆ. ಮಧ್ಯದ ಕೂದಲು 4ರಲ್ಲಿತ್ತು. ಅದರ ಮೇಲೆ 6 ಹಾಕಿದರೆ ಕಾಣಲ್ಲ, ಯಾಕಂದ್ರೆ ತಿಳಿ ಬಣ್ಣ ಕಡು ಬಣ್ಣವನ್ನು ಮುಚ್ಚಲಾರದು. ಡೈ ಮೇಲೆ ಡೈ ಹಾಕಿದರೆ ಹಳೆಯ ಡೈ ತಿಳಿಯೂ ಆಗಲ್ಲ. ಬುಡದಲ್ಲಿ ಇನ್ನೂ ಡೈ ಕಾಣದ ಹುಟ್ಟು ಕೂದಲಿತ್ತು. ಅಲ್ಲಿ 6% ಪೆರಾಕ್ಸೈಡ್ ಚೆನ್ನಾಗಿ ಕೆಲಸ ಮಾಡಿತು, ನೆತ್ತಿಯ ಶಾಖವೂ ಸೇರಿ ಇನ್ನೂ ಬೇಗ ಮಾಡಿತು. ಬಣ್ಣ 5ಕ್ಕೆ ಏರಿ ಕೆಂಪು-ಕಿತ್ತಳೆಗೆ ಬಂದು ನಿಂತಿತು. 6.1ರೊಳಗಿದ್ದ ತೆಳು ನೀಲಿಗೆ ಅಷ್ಟು ಕೆಂಪನ್ನು ಹಿಡಿಯುವ ಶಕ್ತಿ ಇರಲಿಲ್ಲ.

ನೋಡಿದ್ದು, ಕೇಳಿದ್ದು

ಕುರ್ಚಿ ಮೇಲೆ ಕೂರಿಸುವ ಮೊದಲು ಅವರನ್ನು ಕಿಟಕಿ ಹತ್ತಿರ ನಿಲ್ಲಿಸಿ, ಒಣ ಕೂದಲನ್ನು ಪದರ ಪದರವಾಗಿ ಎತ್ತಿ ನೋಡಿದೆ. ಒದ್ದೆ ಕೂದಲಲ್ಲಿ ಎಲ್ಲವೂ ಕಡುವಾಗಿ ಕಂಡು ಮೋಸವಾಗುತ್ತದೆ. ಕನ್ನಡಿ ಮೇಲಿನ ಹಳದಿ ದೀಪದಲ್ಲಿ ಎಲ್ಲವೂ ಕೆಂಚಾಗಿಯೇ ಕಾಣುತ್ತದೆ. ಹಗಲು ಬೆಳಕಲ್ಲಿ ಶೇಡ್ ಕಾರ್ಡ್‌ನ ಎಳೆಯನ್ನು ಪಕ್ಕಕ್ಕೆ ಹಿಡಿದು ಹೋಲಿಸಿದರೆ ಮಾತ್ರ ಕೆಂಪು ಯಾವುದು, ಕಿತ್ತಳೆ ಯಾವುದು ಅಂತ ಬಿಡಿಸಿ ಹೇಳಬಹುದು. ಈ ಬಿಡಿಸುವಿಕೆ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ.

ಅವರ ತಲೆಯಲ್ಲಿ ಮೂರು ಪಟ್ಟಿ ಇದ್ದವು. ಬುಡದ ಸುಮಾರು ಎರಡು ಬೆರಳಗಲ 5ರಲ್ಲಿ, ಕೆಂಪು-ಕಿತ್ತಳೆ. ಮಧ್ಯ ಪೂರ್ತಿ 4ರಲ್ಲಿ, ಶುದ್ಧ ಕೆಂಪು. ತುದಿಯ ಒಂದು ಗೇಣು 3ರ ಹತ್ತಿರ, ಕಪ್ಪುಗಂದು. ಪದೇ ಪದೇ ಡೈ ಕುಡಿದು ಒರಟಾಗಿದ್ದ ಆ ತುದಿಯಲ್ಲಿ ಕೆಂಪು ಕಂಡೂ ಕಾಣದ ಹಾಗಿತ್ತು. ಇದರ ಜೊತೆಗೆ ಕಣತಲೆಯ ಬಿಳಿ ಕೂದಲು ಬೇರೆ.

ಆಮೇಲೆ ಮೆಹಂದಿ ವಿಷಯ. "ಹಾಕ್ತಿದ್ದೆ, ಬಿಟ್ಟು ಮೂರು ವರ್ಷ ಆಯ್ತು" ಅಂದರು. ಬಿಟ್ಟಾಯ್ತಲ್ಲ ಅಂತ ಸುಮ್ಮನಾಗುವ ಹಾಗಿಲ್ಲ. ಕೂದಲು ತಿಂಗಳಿಗೆ ಸುಮಾರು ಒಂದೂಕಾಲು ಸೆಂಟಿಮೀಟರ್, ವರ್ಷಕ್ಕೆ 15 ಸೆಂಟಿಮೀಟರ್ ಬೆಳೆಯುತ್ತದೆ. ಮೂರು ವರ್ಷಕ್ಕೆ 45. ಅವರ ಜಡೆಯ ಕೂದಲನ್ನು ಬುಡದಿಂದ ಅಳೆದಾಗ 50 ಸೆಂಟಿಮೀಟರ್ ಇತ್ತು. ಅಂದರೆ ಕೊನೆಯ 5 ಸೆಂಟಿಮೀಟರ್‌ನಲ್ಲಿ ಮೆಹಂದಿ ಇನ್ನೂ ಇದೆ. ಮೆಹಂದಿಯ ಬಣ್ಣ ಕೂದಲಿನ ಪ್ರೋಟೀನ್‌ಗೇ ಅಂಟಿಕೊಳ್ಳುತ್ತದೆ, ತೊಳೆದರೆ ಹೋಗಲ್ಲ. ಅದು ಶುದ್ಧ ಸೊಪ್ಪಿನ ಪುಡಿಯಾದರೆ ತೊಂದರೆ ಕಡಿಮೆ. ಕೆಲವು ಬೆರಕೆ ಪುಡಿಗಳಲ್ಲಿ ಲೋಹದ ಲವಣ ಇರುತ್ತದೆ, ಅದು ಪೆರಾಕ್ಸೈಡ್ ಜೊತೆ ಸೇರಿದರೆ ಬಿಸಿಯೇರಿ ಕೂದಲೇ ಹಾಳಾಗಬಹುದು.

ಹಾಗಾಗಿ ತುದಿಯಿಂದ ನಾಲ್ಕಾರು ಎಳೆ ಕತ್ತರಿಸಿ, ಗಾಜಿನ ಲೋಟದಲ್ಲಿ 20 ಮಿಲಿ 20 ವಾಲ್ಯೂಮ್ ಪೆರಾಕ್ಸೈಡ್‌ಗೆ 20 ಹನಿ ಅಮೋನಿಯಾ ಹಾಕಿ ಅರ್ಧ ಗಂಟೆ ಅದ್ದಿಟ್ಟೆವು. ಲೋಹ ಇದ್ದರೆ ಲೋಟ ಬಿಸಿಯಾಗುತ್ತದೆ, ಗುಳ್ಳೆ ಏಳುತ್ತದೆ, ಕೂದಲ ಬಣ್ಣ ದಿಢೀರ್ ಬದಲಾಗುತ್ತದೆ. ಇಲ್ಲಿ ಹಾಗೇನೂ ಆಗಲಿಲ್ಲ. ಆದರೂ ಆ ಐದು ಸೆಂಟಿಮೀಟರ್ ಕತ್ತರಿಸೋಣ ಅಂದೆ, ಒಪ್ಪಿದರು. ಅದೇ ದಿನ ಕಿವಿ ಹಿಂದೆ ಅಲರ್ಜಿ ಪರೀಕ್ಷೆಗೆ ಬಣ್ಣ ಹಚ್ಚಿ, 48 ಗಂಟೆ ಕಳೆದ ಮೇಲೆ ಬರಲು ಹೇಳಿದೆ. ವರ್ಷಗಟ್ಟಲೆ ಡೈ ಹಾಕಿದವರಿಗೂ ಈ ಪರೀಕ್ಷೆ ಬೇಕು, ಅಲರ್ಜಿ ಯಾವಾಗ ಬೇಕಾದರೂ ಶುರುವಾಗಬಹುದು.

ಎಳೆಯ ಮೇಲೆ ಮೊದಲು ಪರೀಕ್ಷೆ

ಹಸಿರು ಆಧಾರದ ಶೇಡ್‌ಗಳಿಗೆ ನಮ್ಮಲ್ಲಿ ಮ್ಯಾಟ್ ಅಂತಾರೆ. ಟ್ಯೂಬ್ ಮೇಲಿನ ನಂಬರ್ ಮಾತ್ರ ನಂಬಬೇಡಿ. ಚುಕ್ಕಿಯ ನಂತರದ ಅಂಕಿ ಕಂಪನಿಯಿಂದ ಕಂಪನಿಗೆ ಬೇರೆ ಅರ್ಥ ಕೊಡುತ್ತದೆ. ವೆಲ್ಲಾದಲ್ಲಿ 2 ಅಂದರೆ ಮ್ಯಾಟ್, ಹಸಿರು. ಲೋರಿಯಲ್‌ನಲ್ಲಿ 2 ಅಂದರೆ ನೇರಳೆ ಕಡೆಯದು, ಹಸಿರಿಗೆ ಅವರದು 7. ಆಶ್ ಅನ್ನೋದು ಕೂಡ ಒಂದು ಕಡೆ ನೀಲಿ, ಇನ್ನೊಂದು ಕಡೆ ನೀಲಿ-ಹಸಿರು. ಆ ಕಂಪನಿಯ ಚಾರ್ಟ್ ನೋಡಿಯೇ ಕೈ ಹಾಕಬೇಕು.

ಎರಡು ಬಟ್ಟಲಲ್ಲಿ ಚಿಟಿಕೆಯಷ್ಟು ಕಲಸಿದೆವು. ಒಂದರಲ್ಲಿ ಬರೀ 4ರ ಮ್ಯಾಟ್. ಇನ್ನೊಂದರಲ್ಲಿ ಅರ್ಧ 4ರ ಮ್ಯಾಟ್, ಅರ್ಧ 4ರ ನ್ಯಾಚುರಲ್. ಎರಡನ್ನೂ ಕಿವಿ ಹಿಂದಿನ ಕೆಂಪು ಎಳೆಗೂ, ಕಣತಲೆಯ ಬಿಳಿ ಎಳೆಗೂ ಹಚ್ಚಿ ತೊಳೆದು ಒಣಗಿಸಿದೆವು.

ಕೆಂಪು ಎಳೆಯ ಮೇಲೆ ಬರೀ ಮ್ಯಾಟ್ ಕೆಂಪನ್ನು ಪೂರ್ತಿ ತೆಗೆಯಿತು, ಆದರೆ ಜೀವವಿಲ್ಲದ ಬೂದುಗಂದು ಬಂತು. ಅರ್ಧ-ಅರ್ಧದ ಮಿಶ್ರಣದಲ್ಲಿ ಒಳ್ಳೆಯ ಕಂದು ಬಂತು, ಕೆಂಪು ಇಲ್ಲ, ಹೊಳಪು ಇದೆ. ಬಿಳಿ ಎಳೆಯ ಕಥೆ ಬೇರೆ. ಬರೀ ಮ್ಯಾಟ್ ಹಚ್ಚಿದ ಬಿಳಿ ಎಳೆಯನ್ನು ಕಿಟಕಿ ಹತ್ತಿರ ಒಯ್ದು ನೋಡಿದರೆ ಹಳೇ ಕಲ್ಯಾಣಿಯ ಪಾಚಿ ಬಣ್ಣ! ಅರ್ಧ-ಅರ್ಧದ್ದರಲ್ಲೂ ಅದರ ಛಾಯೆ ಸ್ವಲ್ಪ ಇತ್ತು. ಕಾರಣ ಸರಳ. ಹಸಿರು ಕಾಣದೆ ಹೋಗಬೇಕಾದರೆ ಅದನ್ನು ಹೊಡೆಯಲು ಕೆಂಪು ಬೇಕು. ಬಿಳಿ ಕೂದಲಲ್ಲಿ ಕೆಂಪು ಇಲ್ಲ, ಹಾಗಾಗಿ ಹಾಕಿದ ಹಸಿರು ಹಸಿರಾಗಿಯೇ ಉಳಿಯುತ್ತದೆ. ಬ್ಲೀಚ್ ಮಾಡಿ ಹಳದಿ ಮಾಡಿದ ಎಳೆಗಳಿಗೂ ಇದೇ ಗತಿ.

ಇಡೀ ಪ್ರಕರಣದ ದಿಕ್ಕು ಬದಲಾಗಿದ್ದು ಈ ಬಿಳಿ ಎಳೆಯಿಂದ. ಒಂದೇ ಬಟ್ಟಲು ಕಲಸಿ ಇಡೀ ತಲೆಗೆ ಹಚ್ಚುವುದು ಬೇಡ, ಜಾಗಕ್ಕೊಂದು ಬಟ್ಟಲು ಅಂತ ಅಲ್ಲೇ ತೀರ್ಮಾನವಾಯಿತು.

ಇನ್ನೊಂದು ತೀರ್ಮಾನ ಗ್ರಾಹಕಿಯದು. "ಕೆಂಪು ಹೋಗಬೇಕು, ಆದ್ರೆ ಕಪ್ಪಾಗಬಾರದು" ಅಂತ ಅವರ ಆಸೆ. ಬಿಚ್ಚಿ ಹೇಳಿದೆ: "ಅಕ್ಕ, ಕೆಂಪು ಬೆಳಕನ್ನು ಎತ್ತಿ ತೋರಿಸುತ್ತೆ. ಅದನ್ನು ತೆಗೆದರೆ ಅದೇ ಕಂದು ಒಂದು ಮೆಟ್ಟಿಲು ಕಡು ಕಾಣುತ್ತೆ. ಲೈಟ್ ಬ್ರೌನ್ ಇರಲಿ, ಕೆಂಪೂ ಬೇಡ ಅಂದ್ರೆ ಈಗಿರೋ ಡೈ ತೆಗೆದು ಬ್ಲೀಚ್ ಮಾಡಬೇಕು. ಆಗ ಇನ್ನೂ ಜಾಸ್ತಿ ಕಿತ್ತಳೆ ಹೊರಗೆ ಬರುತ್ತೆ, ಆ ತುದಿ ತಡೆಯಲ್ಲ." ಒಣಗಿಸಿದ ಎಳೆಯನ್ನು ಕೈಯಲ್ಲಿ ಕೊಟ್ಟು ಹೊರಗೆ ಬಿಸಿಲಿಗೆ ಹೋಗಿ ನೋಡಿ ಬನ್ನಿ ಅಂದೆ. ನೋಡಿ ಬಂದು "ಇದೇ ಇರಲಿ" ಅಂದರು. ಶೇಡ್ ಕಾರ್ಡ್ ತೋರಿಸಿ ಒಪ್ಪಿಸುವುದಕ್ಕಿಂತ ಅವರದೇ ಕೂದಲು ತೋರಿಸುವುದು ಎಷ್ಟೋ ಮೇಲು.

ಹಚ್ಚಿದ್ದು

ಪರ್ಮನೆಂಟ್ ಬಿಟ್ಟು, ಅಮೋನಿಯಾ ಇಲ್ಲದ ಡೆಮಿ ಪರ್ಮನೆಂಟ್ ಬಣ್ಣ ಆರಿಸಿದೆ. ಡೆವಲಪರ್ 10 ವಾಲ್ಯೂಮ್, ಅಂದರೆ 3%, ಬಣ್ಣದ ಎರಡರಷ್ಟು. ಈ ಜೋಡಿ ಬಣ್ಣ ಕೂರಿಸುತ್ತದೆ, ಹುಟ್ಟು ಬಣ್ಣವನ್ನು ಹೆಚ್ಚೇನೂ ತಿಳಿ ಮಾಡಲ್ಲ. ಕೆಂಪು ತೆಗೆಯಲು ಕೂತು ಹೊಸ ಕೆಂಪು ಹುಟ್ಟಿಸಬಾರದಲ್ವಾ? ಇದರ ಮಿತಿಯನ್ನೂ ಮೊದಲೇ ಹೇಳಿದೆ. ಬಿಳಿ ಕೂದಲು ಪೂರ್ತಿ ಮುಚ್ಚಲ್ಲ, ತಿಳಿಗಂದಾಗಿ ಬೆರೆತು ಹೋಗುತ್ತದೆ. ನೂರಕ್ಕೆ ಇಪ್ಪತ್ತೈದು ಬಿಳಿ ಇದ್ದವರಿಗೆ ಅದು ನೋಡಲು ಚೆನ್ನಾಗೇ ಇರುತ್ತದೆ. ಪೂರ್ತಿ ನರೆತ ತಲೆಗೆ ಈ ದಾರಿ ಸಾಲದು.

ಮಧ್ಯದ ಕೆಂಪಿಗೆ 30 ಗ್ರಾಂ 4ರ ನ್ಯಾಚುರಲ್, 30 ಗ್ರಾಂ 4ರ ಮ್ಯಾಟ್, 120 ಮಿಲಿ ಡೆವಲಪರ್. ಬುಡದ ಕೆಂಪು-ಕಿತ್ತಳೆಗೆ ಹಸಿರೊಂದೇ ಸಾಲದು, ಕಿತ್ತಳೆ ಪಾಲಿಗೆ ನೀಲಿಯೂ ಬೇಕು. ಅದಕ್ಕೆ 20 ಗ್ರಾಂ ನ್ಯಾಚುರಲ್, 10 ಗ್ರಾಂ ಮ್ಯಾಟ್, ನೀಲಿ ಆಧಾರದ ಆಶ್ 5 ಗ್ರಾಂ, 70 ಮಿಲಿ ಡೆವಲಪರ್. ಕಣತಲೆ ಮತ್ತು ಬೈತಲೆಯ ಬಿಳಿ ಗುಂಪಿಗೆ ಬರೀ 4ರ ನ್ಯಾಚುರಲ್, ಮ್ಯಾಟ್ ಸೋಂಕೂ ಇಲ್ಲ. ತುದಿಗೆ ಕೊನೆಯಲ್ಲಿ, ಮಧ್ಯದ ಬಟ್ಟಲಲ್ಲಿ ಉಳಿದಿದ್ದಕ್ಕೆ ಬಣ್ಣವಿಲ್ಲದ ಕ್ಲಿಯರ್ ಸೇರಿಸಿ ತೆಳು ಮಾಡಿ ಹಚ್ಚಿದ್ದು. ಒರಟು ತುದಿ ಬಣ್ಣವನ್ನು ಗಟಗಟ ಕುಡಿಯುತ್ತದೆ, ಮೊದಲೇ ಕಡುವಾಗಿದೆ, ಅಲ್ಲಿ ಗಟ್ಟಿ ಮ್ಯಾಟ್ ಹಚ್ಚಿದರೆ ಮಸಿ ಬಳಿದ ಹಾಗಾಗುತ್ತದೆ.

ಹಚ್ಚಿದ ಸ್ವಲ್ಪ ಹೊತ್ತಿಗೆ ಕನ್ನಡಿ ನೋಡಿ ಅವರು ಗಾಬರಿಯಾದರು. ಕ್ರೀಮ್ ಮೇಲ್ಗಡೆ ಗಾಳಿ ತಾಗಿ ಕಡು ಹಸಿರು-ನೇರಳೆ ಆಗಿತ್ತು. ಆ ಬಣ್ಣಕ್ಕೂ ಕೂದಲಲ್ಲಿ ಕೂರುವ ಬಣ್ಣಕ್ಕೂ ಸಂಬಂಧ ಇಲ್ಲ. ನೋಡುವ ರೀತಿ ಬೇರೆ: ಒಂದು ಎಳೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕೆಳಗೆ ಬಿಳಿ ಟವೆಲ್ ಹಿಡಿದು, ಕಿಟಕಿ ಬೆಳಕಲ್ಲಿ ನೋಡಬೇಕು. ಹತ್ತು ನಿಮಿಷಕ್ಕೆ ಒರೆಸಿದಾಗ ಮಧ್ಯದಲ್ಲಿ ಇನ್ನೂ ಕೆಂಪು ಇಣುಕುತ್ತಿತ್ತು, ತುದಿ ಆಗಲೇ ಆಗಿಹೋಗಿತ್ತು. ತುದಿಯನ್ನು ಮಾತ್ರ ಮೊದಲು ತೊಳೆದು ಕಂಡೀಷನರ್ ಹಚ್ಚಿ ಬಿಟ್ಟೆವು. ಇಪ್ಪತ್ತು ನಿಮಿಷಕ್ಕೆ ಮಧ್ಯ ಮತ್ತು ಬುಡ ಎರಡೂ ಒಂದೇ ಕಂದಿಗೆ ಬಂದವು.

ಒಣಗಿಸಿ ಹೊರಗೆ ಕರೆದೊಯ್ದು ನೋಡಿದಾಗ ಬಿಸಿಲಲ್ಲಿ ಕೆಂಪು ಹೊಡೆಯಲಿಲ್ಲ. ಕಾಫಿ ಪುಡಿ ಕಂದು ಅಂತಾರಲ್ಲ, ಆ ಬಣ್ಣ. ಬುಡದಲ್ಲಿ ತೀರಾ ಹತ್ತಿರದಿಂದ ನೋಡಿದರೆ ಒಂದು ತೆಳು ಬೆಚ್ಚನೆ ಛಾಯೆ ಉಳಿದಿತ್ತು. ಅದನ್ನೂ ತೆಗೆಯೋಣ ಅಂತ ಇನ್ನೊಂದು ಸುತ್ತು ಹಚ್ಚಲಿಲ್ಲ. ಸ್ವಲ್ಪ ಬಿಸಿ ಇದ್ದರೇ ನಮ್ಮ ಮೈಬಣ್ಣಕ್ಕೆ ಕಂದು ಒಪ್ಪುವುದು, ಪೂರ್ತಿ ತೆಗೆದರೆ ಮುಖ ಬಾಡಿದ ಹಾಗೆ ಕಾಣುತ್ತದೆ ಅನ್ನೋದು ನನ್ನ ಅಭಿಪ್ರಾಯ.

ಆಮೇಲೆ ಆಗಿದ್ದು

ತಿಂಗಳಾಗುವ ಮೊದಲೇ ಫೋನ್ ಬಂತು, ಮುಂದಲೆಯಲ್ಲಿ ಕೆಂಪು ತಿರುಗಿ ಕಾಣುತ್ತಿದೆ ಅಂತ. ನಿರೀಕ್ಷೆ ಇದ್ದದ್ದೇ. ಡೆಮಿ ಬಣ್ಣ ತೊಳೆದ ಹಾಗೆ ತೆಳುವಾಗುತ್ತದೆ, ಒಳಗಿನ ಕೆಂಪು ಇದ್ದಲ್ಲೇ ಇರುತ್ತದೆ. ಅವರ ಮನೆಯದು ಬೋರ್ ನೀರು, ಬಕೆಟ್ ಅಂಚಲ್ಲಿ ಬಿಳಿ ಪೊರೆ ಕಟ್ಟುವಷ್ಟು ಗಡಸು. ದಿನ ಬಿಟ್ಟು ದಿನ ಬಿಸಿಬಿಸಿ ನೀರಲ್ಲಿ ತಲೆಗೆ ಹಾಕಿಕೊಳ್ಳುತ್ತಿದ್ದರು. ವಾರಕ್ಕೆ ಎರಡು ಸಲ, ಉಗುರು ಬೆಚ್ಚಗಿನ ನೀರು, ಸಾಧ್ಯವಾದರೆ ಕೊನೆಯ ಚೊಂಬು ಫಿಲ್ಟರ್ ನೀರು ಅಂತ ಹೇಳಿದೆ. ವಾರಕ್ಕೊಮ್ಮೆ ಹಸಿರು ಬಣ್ಣದ ಶಾಂಪೂ, ಅದೂ ಕೆಂಪು ಕಂಡ ಮಧ್ಯ ಭಾಗಕ್ಕೆ ಮಾತ್ರ, ಮೂರರಿಂದ ಐದು ನಿಮಿಷ. ಬಿಳಿ ಕೂದಲ ಜಾಗಕ್ಕೆ ತಾಗಿಸಬೇಡಿ ಅಂತ ಒತ್ತಿ ಹೇಳಿದೆ. ಇದರಿಂದ ಕೆಂಪು ಮತ್ತೆ ಹದಕ್ಕೆ ಬಂತು.

ದೊಡ್ಡ ತೀರ್ಮಾನ ಉಳಿದಿದ್ದು ಬುಡದ್ದು. ಆರೇಳು ವಾರಕ್ಕೆ ಬಂದಾಗ ಒಂದೂವರೆ ಸೆಂಟಿಮೀಟರ್‌ಗೂ ಮೇಲೆ ಹೊಸ ಕೂದಲು ಬಂದಿತ್ತು, ಕಪ್ಪು-ಬಿಳಿ ಬೆರೆತು. ಎರಡು ದಾರಿ ಇತ್ತು. ಪರ್ಮನೆಂಟ್ ಬಣ್ಣಕ್ಕೆ 6% ಕಲಸಿ ಬುಡವನ್ನೂ ಉಳಿದ ಕೂದಲಿನ ಕಂದಿಗೇ ತರಬಹುದು. ಬಿಳಿಯೂ ಚೆನ್ನಾಗಿ ಮುಚ್ಚುತ್ತದೆ, ಆದರೆ ಅಲ್ಲಿ ಮತ್ತೆ ಕೆಂಪು ಬಯಲಾಗುತ್ತದೆ, ಜನ್ಮಪೂರ್ತಿ ಹಸಿರು ಹಚ್ಚುತ್ತಿರಬೇಕು. ಇಲ್ಲವೇ 3% ಜೊತೆ ಡೆಮಿ 3ರ ನ್ಯಾಚುರಲ್ ಮಾತ್ರ ಹೊಸ ಬುಡಕ್ಕೆ ಹಚ್ಚಬಹುದು. ಬುಡ ಉಳಿದಿದ್ದಕ್ಕಿಂತ ಒಂದು ಮೆಟ್ಟಿಲು ಕಡು ಇರುತ್ತದೆ, ಬಿಳಿ ಪೂರ್ತಿ ಮುಚ್ಚಲ್ಲ, ಆದರೆ ಹೊಸ ಕೆಂಪು ಹೆಚ್ಚೇನೂ ಹುಟ್ಟಲ್ಲ, ಹಾಗಾಗಿ ಅಲ್ಲಿ ಹಸಿರಿನ ಅಗತ್ಯವೇ ಬೀಳಲ್ಲ. ಅವರು ಎರಡನೆಯದನ್ನು ಆರಿಸಿದರು. ಗಡಿ ಕಾಣದ ಹಾಗೆ ಬಾಚಣಿಗೆಯಲ್ಲಿ ಸ್ವಲ್ಪ ಕೆಳಗೆ ಎಳೆದು ಬೆರೆಸಿದೆವು. ಈಗ ಮ್ಯಾಟ್ ಬೇಕಾಗೋದು ಹಳೆಯ ಕೆಂಪು ಪಟ್ಟಿಗೆ ಮಾತ್ರ, ಅದು ಬೆಳೆದು ಕೆಳಗಿಳಿದ ಹಾಗೆ ಪ್ರತಿ ಸಲ ಬಟ್ಟಲಲ್ಲಿ ಮ್ಯಾಟ್ ಪಾಲು ಕಡಿಮೆಯಾಗುತ್ತಿದೆ.

ಇತ್ತೀಚೆಗೆ ಅವರ ತಂಗಿಯೂ ಬಂದಿದ್ದರು, "ಅಕ್ಕಂಗೆ ಹಾಕಿದ್ದನ್ನೇ ನಂಗೂ ಹಾಕಿ" ಅಂತ. ಅವರದೂ ನೋಡಲು ಅದೇ ಕೆಂಪು. ಆದರೆ ಅವರು ಕಳೆದ ತಿಂಗಳವರೆಗೂ ಮೆಹಂದಿ ಹಾಕಿದವರು, ಪ್ಯಾಕೆಟ್ ಯಾವುದು ಅಂತ ನೆನಪಿಲ್ಲ. ಅಲ್ಲಿ ಕೆಂಪು ಬಯಲಾದದ್ದಲ್ಲ, ಮೇಲಿಂದ ಕೂತದ್ದು. ಅದರ ಮೇಲೆ ಮ್ಯಾಟ್ ಹಚ್ಚಿದರೆ ಕೆಲವು ವಾರ ಕಂದು ಕಾಣಬಹುದು, ಆದರೆ ಮೆಹಂದಿ ಕದಲಲ್ಲ, ಬೆರಕೆ ಪುಡಿಯಾಗಿದ್ದರೆ ಡೆವಲಪರ್ ತಾಗಿಸುವುದೇ ಅಪಾಯ. ಎಳೆ ಕತ್ತರಿಸಿ ಲೋಟದಲ್ಲಿ ಅದ್ದಿದಾಗ ಗುಳ್ಳೆ ಎದ್ದು ಲೋಟ ಬೆಚ್ಚಗಾಯಿತು. ಬಣ್ಣ ಹಾಕಲ್ಲ ಅಂತ ಹೇಳಿ, ಮೆಹಂದಿ ನಿಲ್ಲಿಸಿ ಎರಡು ತಿಂಗಳಿಗೊಮ್ಮೆ ತುದಿ ಕತ್ತರಿಸಿಕೊಳ್ಳುತ್ತಾ ಬನ್ನಿ ಅಂತ ಕಳಿಸಿದೆ.